ಮುಚ್ಚಳದ ಸಂತೆ: ಚಿಲ್ಲರೆ ಸರಿಯಾಗಿ ಕೊಡುವ ಮಗು ಮೂವತ್ನಾಲ್ಕನ್ನು 304 ಎಂದು ಬರೆಯುವುದೇಕೆ?

ಕೃಷ್ಣೆಯ ದಂಡೆ

ಎಲ್ಲರಿಗೂ ನಮಸ್ಕಾರ. ಜಮಖಂಡಿ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಕೊಠಡಿ ನೋಡಿಕೊಳ್ಳುತ್ತೇನೆ. ಎರಡನೇ ತರಗತಿಯಲ್ಲಿ 14 ಮಕ್ಕಳಿದ್ದಾರೆ, ಎಲ್ಲರಿಗೂ ಏಳು ವರ್ಷದ ಆಸುಪಾಸು. ಸ್ಥಾನಬೆಲೆ ಕಲಿಸಲು ಎರಡು ವಾರ ಸಂತೆ ಆಟ ಆಡಿಸಿದೆ. ನೀರಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳಗಳೇ ರೊಕ್ಕ. ನೀಲಿ ಮುಚ್ಚಳ ಅಂದರೆ ಒಂದು ರೂಪಾಯಿ, ಕೆಂಪು ಅಂದರೆ ಹತ್ತು. ಒಂದು ತರಕಾರಿ ಅಂಗಡಿ, ಒಂದು ಹೂವಿನ ಅಂಗಡಿ, ಒಂದು ಚುರುಮುರಿ ಅಂಗಡಿ.

ಆಟ ಬಹಳ ಚೆನ್ನಾಗಿ ನಡೆಯಿತು. ಒಬ್ಬ ಹುಡುಗಿಯ ತಾಯಿ ನಿಜವಾಗಿಯೂ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಾರೆ. 14 ರೂಪಾಯಿಯ ಉಳ್ಳಾಗಡ್ಡಿಗೆ ಗೆಳತಿ ಎರಡು ಕೆಂಪು ಕೊಟ್ಟಳು. ಈ ಹುಡುಗಿ ಯೋಚನೆಯನ್ನೇ ಮಾಡದೆ ಆರು ನೀಲಿ ವಾಪಸ್ ಕೊಟ್ಟಳು. ನನಗೆ ಅವತ್ತು ಎಷ್ಟು ಖುಷಿಯಾಯಿತು ಅಂದರೆ ಹೇಳಲಾರೆ.

ಮರುದಿನ ಪಾಟಿಯ ಮೇಲೆ ಮೂವತ್ನಾಲ್ಕು ಬರೆಯಲು ಹೇಳಿದೆ. ಅದೇ ಹುಡುಗಿ 304 ಬರೆದಳು. ಇನ್ನೂ ಐದು ಮಕ್ಕಳು ಹಾಗೇ ಬರೆದರು. ಮುಚ್ಚಳದಲ್ಲಿ ತೋರಿಸು ಅಂದರೆ ಮೂರು ಕೆಂಪು, ನಾಲ್ಕು ನೀಲಿ ಸರಿಯಾಗಿಯೇ ಇಡುತ್ತಾರೆ. ಆಟದಲ್ಲಿ ಇದ್ದದ್ದು ಪಾಟಿಗೆ ಯಾಕೆ ಬರಲಿಲ್ಲ? ನಾನು ಎಲ್ಲಿ ಎಡವಿದೆ?

ಇಳಕಲ್ ಕಿರಾಣಿ

ಅಕ್ಕೋರೆ, ನಾನು ಶಿಕ್ಷಕನಲ್ಲ, ಇಳಕಲ್ಲಿನಲ್ಲಿ ಕಿರಾಣಿ ಅಂಗಡಿ ಇದೆ. ನನ್ನ ಮಾತು ಇಷ್ಟೇ. ಮುಚ್ಚಳ ಯಾಕೆ, ನಿಜವಾದ ನಾಣ್ಯ ಕೊಡಿ. ಒಂದು, ಎರಡು, ಐದು, ಹತ್ತು, ಎಲ್ಲಾ ಇರಲಿ. ಮಕ್ಕಳು ನಾಳೆ ಅಂಗಡಿಗೆ ಬರುವಾಗ ಮುಚ್ಚಳ ತರುವುದಿಲ್ಲವಲ್ಲ.

ಚಿಲ್ಲರೆ ಕೊಡುವುದಕ್ಕೆ ಕಳೆಯುವ ಲೆಕ್ಕವೇ ಬೇಕಾಗಿಲ್ಲ. 14 ರೂಪಾಯಿಯ ಸಾಮಾನಿಗೆ 20 ಕೊಟ್ಟರೆ ನಾನು 20ರಲ್ಲಿ 14 ಕಳೆಯುವುದಿಲ್ಲ. "ಹದಿನಾಲ್ಕು" ಅಂತ ಸಾಮಾನು ಇಡುತ್ತೇನೆ, ಒಂದು ರೂಪಾಯಿ ಇಟ್ಟು "ಹದಿನೈದು" ಅನ್ನುತ್ತೇನೆ, ಐದರ ನಾಣ್ಯ ಇಟ್ಟು "ಇಪ್ಪತ್ತು" ಅನ್ನುತ್ತೇನೆ. ಮುಗಿಯಿತು. ನಮ್ಮಪ್ಪ ನನಗೆ ಕಲಿಸಿದ್ದು ಹೀಗೆ. ಆ ಹುಡುಗಿಗೂ ಅವರ ತಾಯಿ ಹೀಗೇ ಕಲಿಸಿರುತ್ತಾರೆ. ಅವಳಿಗೆ ಲೆಕ್ಕ ಬರುತ್ತದೆ, ಬರೆಯುವುದು ಮಾತ್ರ ರೂಢಿಯಾಗಬೇಕು. ದಿನಕ್ಕೆ ಇಪ್ಪತ್ತು ಸಂಖ್ಯೆ ಬರೆಸಿ, ತಾನೇ ಸರಿಹೋಗುತ್ತದೆ.

ಮುಧೋಳ ಸರ್

ನಮ್ಮ ಶಾಲೆಯಲ್ಲಿ ಹೋದ ವರ್ಷ ಮಕ್ಕಳ ಸಂತೆ ಮಾಡಿದೆವು. ಪಾಲಕರೆಲ್ಲ ಬಂದಿದ್ದರು. ಐದನೇ ತರಗತಿಯವರು ಮಿರ್ಚಿ ಭಜಿ ಮಾರಿದರು, ಹುಡುಗರು ಹೊಲದಿಂದ ಮೆಂತ್ಯೆ, ನಿಂಬೆಹಣ್ಣು ತಂದಿದ್ದರು. ನೀವೂ ನಿಜವಾದ ಕಾಯಿಪಲ್ಲೆ ತರಿಸಿ, ಎಸ್‌ಡಿಎಂಸಿ ಸದಸ್ಯರನ್ನು ಕರೆಯಿರಿ. ಲಾಭ ನಷ್ಟ ಎಲ್ಲಾ ಕಲಿಯುತ್ತಾರೆ. ಜಾಗ ಮತ್ತು ಶಾಮಿಯಾನದ ಬಗ್ಗೆ ಏನಾದರೂ ಬೇಕಿದ್ದರೆ ಕೇಳಿ.

ಹಳೇ ಮಾಸ್ತರ, ವಿಜಯಪುರ

ಮುಧೋಳದ ಗುರುಗಳೇ, ಅಕ್ಕೋರು ಕೇಳಿದ್ದು ಸಂತೆ ನಡೆಸುವುದು ಹೇಗೆ ಅಂತಲ್ಲ. 34ರಲ್ಲಿರುವ 3 ಅಂದರೆ ಮೂವತ್ತು ಅನ್ನುವುದು ಮಗುವಿಗೆ ಯಾಕೆ ಹೊಳೆಯುತ್ತಿಲ್ಲ ಅಂತ.

ತಂಗಿ, ಉತ್ತರ ಹೇಳುವ ಮೊದಲು ಒಂದು ಕೆಲಸ ಮಾಡಿ. ಒಂದೊಂದೇ ಮಗುವನ್ನು ಪಕ್ಕಕ್ಕೆ ಕರೆಯಿರಿ. ಒಂದೇ ಬಣ್ಣದ 16 ಮುಚ್ಚಳ ಮುಂದಿಡಿ. ಎಣಿಸಿ ಪಾಟಿಯ ಮೇಲೆ ಬರೆಯಲು ಹೇಳಿ. 16 ಬರೆಯುತ್ತದೆ. ನಂತರ 6ಕ್ಕೆ ಮಾತ್ರ ಸುತ್ತು ಹಾಕಿ, "ಇದು ಎಷ್ಟೋ ಅಷ್ಟು ಮುಚ್ಚಳ ತೋರಿಸು" ಅನ್ನಿ. ಆರು ತೋರಿಸುತ್ತದೆ. ಆಮೇಲೆ 1ಕ್ಕೆ ಸುತ್ತು ಹಾಕಿ ಅದೇ ಪ್ರಶ್ನೆ ಕೇಳಿ. ಏನು ತೋರಿಸುತ್ತದೆ ನೋಡಿ. ತಿದ್ದಬೇಡಿ, ಮುಖದಲ್ಲೂ ಏನೂ ತೋರಿಸಬೇಡಿ. "ಉಳಿದವು ಯಾಕೆ ಉಳಿದವು?" ಅಂತ ಮಾತ್ರ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ.

ಕೃಷ್ಣೆಯ ದಂಡೆ

ಗುರುಗಳೇ, ಮಾಡಿದೆ. 14 ಮಕ್ಕಳಲ್ಲಿ 11 ಮಕ್ಕಳು 1ಕ್ಕೆ ಒಂದೇ ಮುಚ್ಚಳ ತೋರಿಸಿದರು. ಒಂಬತ್ತು ಮುಚ್ಚಳ ಸುಮ್ನೆ ಪಕ್ಕದಲ್ಲಿ ಬಿದ್ದಿದ್ದವು. ಯಾಕೆ ಉಳಿದವು ಅಂದರೆ ಒಬ್ಬ "ಅವು ಆಟಕ್ಕ ಇಲ್ರಿ" ಅಂದ. ಒಬ್ಬಳು ಬಹಳ ಹೊತ್ತು ನೋಡಿ, "ಇದು ಕೆಂಪ ಅಲ್ಲಲ್ರಿ ಅಕ್ಕೋರ" ಅಂದಳು.

ಆ ಮಾತು ಕೇಳಿ ನಾನು ಗಪ್ಪಾಗಿ ಕುಳಿತೆ. ಕೆಂಪಗಿದ್ದರೆ ಮಾತ್ರ ಹತ್ತು ಅಂತ ನಾನೇ ಕಲಿಸಿದ್ದೇನೆ ಅಲ್ವಾ?

ಹಳೇ ಮಾಸ್ತರ, ವಿಜಯಪುರ

ಆ ಹುಡುಗಿ ನಿಮಗೆ ಪೂರ್ತಿ ಉತ್ತರವನ್ನೇ ಕೊಟ್ಟಿದ್ದಾಳೆ. ಅವಳ ಮಟ್ಟಿಗೆ ಕೆಂಪು ಮುಚ್ಚಳಕ್ಕೆ "ಹತ್ತು" ಅನ್ನುವುದು ಒಂದು ಹೆಸರು, ಅಷ್ಟೇ. ಅದರೊಳಗೆ ಹತ್ತು ನೀಲಿ ಇವೆ ಅಂತ ಅವಳು ಯಾವತ್ತೂ ನೋಡಿಲ್ಲ. ಕೆಂಪೂ ಒಂದೇ ಮುಚ್ಚಳ, ನೀಲಿಯೂ ಒಂದೇ ಮುಚ್ಚಳ, ಎರಡೂ ಒಂದೇ ಗಾತ್ರ. ಹತ್ತು ಪಟ್ಟು ಅನ್ನುವುದು ಕಣ್ಣಿಗೂ ಕಾಣುವುದಿಲ್ಲ, ಕೈಗೂ ಭಾರ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ಕೆಂಪು ಮುಚ್ಚಳವನ್ನು ನೀಲಿಯ ಎಡಕ್ಕಿಡಿ, ಬಲಕ್ಕಿಡಿ, ಜೇಬಿನಲ್ಲಿಡಿ, ಅದು ಹತ್ತೇ. ಪಾಟಿಯ ಮೇಲಿನ 3 ಹಾಗಲ್ಲ. ಅದು ನಿಂತ ಜಾಗ ಬದಲಾದರೆ ಬೆಲೆಯೂ ಬದಲಾಗುತ್ತದೆ. ರೊಕ್ಕದ ಬೆಲೆ ರೊಕ್ಕದ ಮೇಲೆಯೇ ಇರುತ್ತದೆ, ಅಂಕಿಯ ಬೆಲೆ ಅದು ಕೂತ ಮನೆಯಲ್ಲಿರುತ್ತದೆ. ನಿಮ್ಮ ಸಂತೆಯಲ್ಲಿ ಮನೆಗಳೇ ಇರಲಿಲ್ಲ. ಹಾಗಾಗಿ ಅವರು ರೊಕ್ಕ ಕಲಿತರು, ಸ್ಥಾನಬೆಲೆ ಕಲಿಯಲಿಲ್ಲ.

ಇಳಕಲ್ಲಿನ ಸಾಹುಕಾರರು ಹೇಳಿದ್ದರಲ್ಲಿ ಅರ್ಧ ಬಂಗಾರದಂಥ ಮಾತಿದೆ. ಅವರು ಚಿಲ್ಲರೆ ಕೊಡುವಾಗ ಮುಂದಕ್ಕೆ ಎಣಿಸುತ್ತಾರೆ. ಹದಿನಾಲ್ಕರಿಂದ ಇಪ್ಪತ್ತಕ್ಕೆ. ಆ ಎಣಿಕೆಯಲ್ಲಿ ಹತ್ತು ಎಲ್ಲಿಯೂ ಒಡೆಯುವುದಿಲ್ಲ. ಆ ಹುಡುಗಿಯೂ ಹಾಗೇ ಮಾಡಿದ್ದಾಳೆ. ಆರು ನೀಲಿ ಎಷ್ಟು ಬೇಗ ಬಂತು ನೋಡಿ. ಅದು ಒಳ್ಳೆಯ ಲೆಕ್ಕವೇ, ಯಾರೂ ತಪ್ಪು ಅನ್ನಲಾರರು. ಆದರೆ ಸ್ಥಾನಬೆಲೆಯನ್ನು ಮುಟ್ಟದೆಯೇ ಇಡೀ ದಿನ ಅಂಗಡಿ ನಡೆಸಬಹುದು. ಬರೆಸಿ ಬರೆಸಿ ರೂಢಿ ಮಾಡಿಸಿದರೆ 304 ಹೋಗಬಹುದು, ಆ ಒಂಬತ್ತು ಮುಚ್ಚಳ ಮಾತ್ರ ಪಕ್ಕದಲ್ಲೇ ಬಿದ್ದಿರುತ್ತವೆ.

ಎರಡರ, ಐದರ ನಾಣ್ಯ ಈಗಲೇ ಬೇಡ. ಹತ್ತು ಬಿಡಿಗೆ ಒಂದು ಹತ್ತು, ಹತ್ತು ಹತ್ತಕ್ಕೆ ಒಂದು ನೂರು. ಇದೊಂದೇ ನಿಯಮ ಇರಬೇಕು. ನಡುವೆ ಐದು ಬಂದರೆ ಮಗು ಐದಕ್ಕೂ ಒಂದು ಮನೆ ಹುಡುಕುತ್ತದೆ.

ಇಳಕಲ್ ಕಿರಾಣಿ

ಗುರುಗಳೇ, ಒಪ್ಪಿದೆ. ಆದರೆ ಹತ್ತು ಒಡೆಯುವುದು ನಮ್ಮಲ್ಲೂ ಇದೆ. ಬೆಳಿಗ್ಗೆ ಗಲ್ಲಾದಲ್ಲಿ ಚಿಲ್ಲರೆ ಇಲ್ಲದಾಗ ಪಕ್ಕದ ಅಂಗಡಿಗೆ ಓಡಿ ನೋಟು ಮುರಿಸಿಕೊಂಡು ಬರುತ್ತೇವೆ. ನೂರು ಕೊಟ್ಟು ಹತ್ತರ ಹತ್ತು ನೋಟು. ಅದನ್ನೇ ಆಟದಲ್ಲಿ ತರಬಹುದಲ್ಲ?

ಹಳೇ ಮಾಸ್ತರ, ವಿಜಯಪುರ

ಇದೇ ಬೇಕಾಗಿತ್ತು ನೋಡಿ. "ನೋಟು ಮುರಿಸುವುದು" ಅನ್ನುವ ಮಾತು ಮಕ್ಕಳಿಗೆ ಮನೆಯಲ್ಲೇ ಗೊತ್ತಿದೆ. ಪುಸ್ತಕದಲ್ಲಿ "ದಶಕ ಸಹಿತ" ಅಂತ ಬಂದಾಗ ಅದು ಇದೇ ಅಂತ ಯಾರೂ ಅವರಿಗೆ ಹೇಳುವುದಿಲ್ಲ.

ತಂಗಿ, ನಾನು ಮಾಡುತ್ತಿದ್ದ ಕ್ರಮ ಹೇಳುತ್ತೇನೆ. ಸುಮಾರು 300 ಮುಚ್ಚಳ ಬೇಕು. ಪ್ಲಾಸ್ಟಿಕ್ಕಿನವೇ ಒಳ್ಳೆಯದು, ಸೋಡಾ ಬಾಟಲಿಯ ತಗಡಿನ ಮುಚ್ಚಳದ ಅಂಚು ಕೈ ಕೊಯ್ಯುತ್ತದೆ. ಮದುವೆ ಮಂಟಪದಲ್ಲಿ ಕೇಳಿದರೆ ಎರಡೇ ಮದುವೆಯಲ್ಲಿ ಸಿಗುತ್ತವೆ. ದಬ್ಬಣ ಕಾಯಿಸಿ ನೀವೇ ನಡುವೆ ತೂತು ಮಾಡಿ, ಮಕ್ಕಳಿಂದ ಮಾಡಿಸಬೇಡಿ.

ಮೊದಲ ಮೂರ್ನಾಲ್ಕು ದಿನ ಎಲ್ಲಾ ಬಿಡಿ ಮುಚ್ಚಳಗಳೇ. ಎಲ್ಲಾ ಬಣ್ಣ ಬೇಕಂತಲೇ ಬೆರೆಸಿಡಿ, ಬಣ್ಣಕ್ಕೆ ಏನೂ ಅರ್ಥವಿಲ್ಲ ಅಂತ ಗೊತ್ತಾಗಲಿ. ಬೆಲೆ ಮಾತ್ರ ದೊಡ್ಡದಿರಲಿ, 23, 31, 28 ಹೀಗೆ. ಮಕ್ಕಳು 28 ಮುಚ್ಚಳ ಎಣಿಸಿ ಕೊಡಬೇಕು, ಅಂಗಡಿಯವನು ಮತ್ತೆ ಎಣಿಸಿ ತೆಗೆದುಕೊಳ್ಳಬೇಕು. ತಪ್ಪುತ್ತಾರೆ, ಜಗಳವಾಡುತ್ತಾರೆ, ಹಿಂದೆ ಸಾಲು ಬೆಳೆಯುತ್ತದೆ. ಆಗ ಅವರಲ್ಲೇ ಯಾರಾದರೂ ಒಬ್ಬರು ಹತ್ತು ಹತ್ತರ ಗುಂಪು ಮಾಡುತ್ತಾರೆ. ಮಾಡದಿದ್ದರೆ ಹೂವಿನ ಅಂಗಡಿ ನೆನಪಿಸಿ. ಬಿಡಿ ಹೂವು, ಕಟ್ಟಿದ ಹೂವು. ಆಗ ದಾರ ಕೊಟ್ಟು ಹತ್ತು ಮುಚ್ಚಳದ ಸರ ಮಾಡಿಸಿ. ಗಂಟು ಎಳೆದರೆ ಬಿಚ್ಚುವಂತಿರಬೇಕು. ಡಬ್ಬಿಯಲ್ಲಿ ತುಂಬಿಸಬೇಡಿ, ಒಳಗಿನ ಹತ್ತು ಕಾಣುವುದಿಲ್ಲ.

ಆಮೇಲೆ ಗಲ್ಲಾ. ರಟ್ಟಿನ ಡಬ್ಬಿಯಲ್ಲಿ ಎರಡು ಮನೆ ಮಾಡಿ, ಬಲಕ್ಕೆ ಬಿಡಿ, ಎಡಕ್ಕೆ ಹತ್ತು. ಒಂದೇ ಕಟ್ಟುನಿಟ್ಟು: ಬಿಡಿ ಮನೆಯಲ್ಲಿ ಒಂಬತ್ತಕ್ಕಿಂತ ಜಾಸ್ತಿ ಇರಬಾರದು. ಹತ್ತಾದ ತಕ್ಷಣ ಪೋಣಿಸಿ ಎಡಕ್ಕೆ ಹಾಕಬೇಕು.

ಕೊಳ್ಳುವವರ ಕೈಗೆ ಮೂರು ಸರ, ಎರಡು ಬಿಡಿ ಕೊಡಿ. ಅಂದರೆ 32. ಉಳ್ಳಾಗಡ್ಡಿ 14. ಮೊದಲ ವಾರ ಅಂಗಡಿಯವರು ಚಿಲ್ಲರೆ ಕೊಡುವಂತಿಲ್ಲ, ತೂಗಿದಷ್ಟೇ ಬೆಲೆ ಬೇಕು ಅನ್ನಬೇಕು. ಮಗು ಒಂದು ಸರ ಕೊಡುತ್ತದೆ, ನಾಲ್ಕು ಬಿಡಿ ಕೊಡಲು ಹೋದರೆ ಕೈಯಲ್ಲಿ ಎರಡೇ. ಒಂದು ಸರ ಬಿಚ್ಚಲೇಬೇಕು. ಬಿಚ್ಚಿದರೆ ಹನ್ನೆರಡು ಬಿಡಿ. ನಾಲ್ಕು ಕೊಟ್ಟರೆ ಎಂಟು ಉಳಿಯುತ್ತದೆ, ಪಕ್ಕದಲ್ಲಿ ಒಂದು ಸರ. ಹದಿನೆಂಟು. ಆ ಗಂಟು ಬಿಚ್ಚುವ ಕ್ಷಣವೇ ನೀವು ಕಲಿಸಬೇಕಾದ ಪಾಠ. ಚಿಲ್ಲರೆ ಕೊಡುವುದನ್ನು ಎರಡನೇ ವಾರ ಶುರು ಮಾಡಿ. ಆಗ ಎರಡು ಸರ ಕೊಟ್ಟು ಆರು ಬಿಡಿ ವಾಪಸ್ ಪಡೆದ ಮಗುವಿನ ಕೈಯಲ್ಲೂ ಹದಿನೆಂಟೇ ಇರುತ್ತದೆ. ಇಬ್ಬರನ್ನೂ ಪಕ್ಕ ಪಕ್ಕ ಕೂರಿಸಿ ನೋಡಲು ಬಿಡಿ.

ಪ್ರತಿ ವ್ಯಾಪಾರಕ್ಕೂ ಚೀಟಿ ಬರೆಸಿ. ಮೊದಲು "1 ಹತ್ತು 4 ಬಿಡಿ", ಅದರ ಕೆಳಗೆ 14. ಚೀಟಿ ಇಲ್ಲದ ಸಂತೆ ಪಾಟಿಗೆ ಹೋಗಿ ಮುಟ್ಟುವುದಿಲ್ಲ.

ಟಿಳಕವಾಡಿ ಅಮ್ಮ

ನಾನು ಬೆಳಗಾವಿಯವಳು. ನಮ್ಮ ಮನೆಮಾತು ಮರಾಠಿ, ಮಗ ಓದುವುದು ಕನ್ನಡ ಮಾಧ್ಯಮ. ಅವನದು 304 ಅಲ್ಲ, ಬೇರೆಯದೇ ತೊಂದರೆ. 34 ಅಂದರೆ 43 ಬರೆಯುತ್ತಾನೆ. ಕ್ಲಾಸಿನಲ್ಲಿ ಅವನಿಗೆ ಗಮನವಿಲ್ಲ ಅಂದರು, ಕಣ್ಣು ತೋರಿಸಿ ಅಂದರು. ಕಣ್ಣು ಸರಿಯಿದೆ. ಮನೆಯಲ್ಲಿ ಅವನ ಅಜ್ಜಿಯ ಜೊತೆ ಕಡಲೆಕಾಳು ಎಣಿಸುತ್ತಾನೆ, ತಪ್ಪುವುದೇ ಇಲ್ಲ. ಇದಕ್ಕೂ ಮುಚ್ಚಳದ ಆಟ ಆಗುತ್ತದೆಯೇ?

ಹಳೇ ಮಾಸ್ತರ, ವಿಜಯಪುರ

ತಾಯಿ, ಹುಡುಗನ ತಪ್ಪಿಲ್ಲ. ಕನ್ನಡದಲ್ಲಿ ಮೂವತ್ತು ಮೊದಲು, ನಾಲ್ಕು ಆಮೇಲೆ. ಬರೆಯುವ ಸಾಲೂ ಅದೇ. ಮರಾಠಿಯಲ್ಲಿ ಚೌತೀಸ್, ಅಂದರೆ ನಾಲ್ಕು ಮೊದಲು, ಮೂವತ್ತು ಆಮೇಲೆ. ಅವನು ಕೇಳಿಸಿದ ಸಾಲಿನಲ್ಲೇ ಬರೆಯುತ್ತಾನೆ. ನಮ್ಮ ವಿಜಯಪುರದಲ್ಲಿ ಉರ್ದು ಮನೆಮಾತಿನ ಮಕ್ಕಳಲ್ಲೂ ಇದನ್ನು ಬಹಳ ನೋಡಿದ್ದೇನೆ. 29 ಇನ್ನೂ ಕಷ್ಟ. ಮರಾಠಿಯಲ್ಲಿ ಎಕೋಣತೀಸ್, ಉರ್ದುವಿನಲ್ಲಿ ಉನ್‌ತೀಸ್. ಮೂವತ್ತಕ್ಕೆ ಒಂದು ಕಡಿಮೆ ಅಂತ. ಆ ಶಬ್ದದಲ್ಲಿ ಎರಡೂ ಇಲ್ಲ, ಒಂಬತ್ತೂ ಇಲ್ಲ.

ಅವನು ಬರೆಯುವಾಗ ಉತ್ತರ ನೋಡಬೇಡಿ, ಕೈ ನೋಡಿ. ಮೊದಲು 4 ಬರೆದು ಅದರ ಎಡಕ್ಕೆ 3 ಬರೆದರೆ ಅವನಿಗೆ ಮನೆ ಗೊತ್ತಿದೆ, ಬರೆಯುವ ಕ್ರಮ ಮಾತ್ರ ಮರಾಠಿಯದು. 4 ಬರೆದು ಅದರ ಬಲಕ್ಕೆ 3 ಬರೆದರೆ ಆಗ ಮನೆಯೇ ಗೊತ್ತಿಲ್ಲ. ಎರಡಕ್ಕೂ ಮದ್ದು ಬೇರೆ.

ಟಿಳಕವಾಡಿ ಅಮ್ಮ

ಈಗಲೇ ಬರೆಸಿ ನೋಡಿದೆ. 4 ಬರೆದು ಬಲಕ್ಕೇ 3 ಬರೆದ. ಆಮೇಲೆ ನಾನು ಹುಣಸೆಬೀಜ ಹತ್ತತ್ತರ ಗುಂಪು ಮಾಡಿ ಮೂರು ಗುಂಪು, ನಾಲ್ಕು ಬಿಡಿ ಇಟ್ಟು ಏನೂ ಹೇಳದೆ ತೋರಿಸಿದೆ. 34 ಅಂತ ಸರಿಯಾಗಿ ಬರೆದ! ಬಾಯಿಂದ ಹೇಳಿದರೆ ತಪ್ಪು, ಕಣ್ಣಿಗೆ ತೋರಿಸಿದರೆ ಸರಿ.

ಮಹಾರಾಷ್ಟ್ರದಲ್ಲಿ 2019ರಲ್ಲಿ ಎರಡನೇ ತರಗತಿ ಗಣಿತದ ಪುಸ್ತಕದಲ್ಲಿ ಎಕ್ವೀಸ್ ಬದಲು "ವೀಸ್ ಏಕ್" ಅಂತ ಹೇಳಿಸಲು ಹೊರಟಾಗ ದೊಡ್ಡ ಗದ್ದಲವಾಗಿತ್ತು. ಭಾಷೆ ಕೆಡುತ್ತದೆ ಅಂತ ನಾನೂ ಆಗ ಸಿಟ್ಟಾಗಿದ್ದೆ. ಈಗ ಇವನನ್ನು ನೋಡಿದ ಮೇಲೆ ಆ ಪುಸ್ತಕದವರು ಯಾವ ಕಷ್ಟಕ್ಕೆ ಹಾಗೆ ಮಾಡಿದರು ಅಂತ ಅರ್ಥವಾಗುತ್ತಿದೆ. ಆದರೂ ಅಜ್ಜಿಯ ಚೌತೀಸ್ ಬಿಡಿಸಲು ನನಗೆ ಮನಸ್ಸಿಲ್ಲ.

ಬಿ.ಎಡ್. ಹುಡುಗ

ಬಿಡಿಸಬೇಡಿ ಅಕ್ಕಾ. ಸರದ ಆಟದಲ್ಲಿ "ಮೂರು ಸರ, ನಾಲ್ಕು ಬಿಡಿ" ಅನ್ನಲಿ, ಮರಾಠಿಯಲ್ಲೂ ಹಾಗೇ ಅನ್ನಬಹುದು. ಚೌತೀಸ್ ಮನೆಯಲ್ಲಿ ಇದ್ದೇ ಇರುತ್ತದೆ.

ಸಂತೆಯ ಲೆಕ್ಕ ಪಾಟಿಗೆ ಬರುವುದಿಲ್ಲ ಅನ್ನುವುದು ಇಲ್ಲಿಯ ಮಾತು ಮಾತ್ರವಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಜೊತೆಗಾರರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ನೋಡಿ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಆ ಮಕ್ಕಳು ನಿಮ್ಮವರಿಗಿಂತ ದೊಡ್ಡವರು. ವ್ಯಾಪಾರದ ಲೆಕ್ಕ ಬಾಯಲ್ಲೇ ಮಾಡುತ್ತಾರೆ, ಶಾಲೆಯ ಲೆಕ್ಕ ಅದೇ ಮಟ್ಟದ್ದಿದ್ದರೂ ತಡವರಿಸುತ್ತಾರೆ. ಶಾಲೆಯ ಮಕ್ಕಳಿಗೆ ತಿರುಗಾ ಮುರುಗಾ, ಪುಸ್ತಕದ್ದು ಬರುತ್ತದೆ, ಸಂತೆಯದು ಬರುವುದಿಲ್ಲ.

ಗುರುಗಳೇ, ಒಂದು ಪ್ರಶ್ನೆ. ಸರ ಆದ ಮೇಲೆ ಕೆಂಪು ಮುಚ್ಚಳ ಬೇಡವೇ ಬೇಡವೇ? ಹತ್ತರ ನೋಟಿನಲ್ಲಿ ಹತ್ತು ರೂಪಾಯಿ ಕಾಣುವುದಿಲ್ಲವಲ್ಲ. ಕಾಣದ ಹತ್ತನ್ನು ನಂಬಲು ಮಗು ಯಾವಾಗಲಾದರೂ ಕಲಿಯಲೇಬೇಕು.

ಹಳೇ ಮಾಸ್ತರ, ವಿಜಯಪುರ

ನಾನು ಎರಡನೇ ತರಗತಿಯಲ್ಲಿ ಕೆಂಪು ಬಿಟ್ಟೇಬಿಟ್ಟೆ. ಸರದಿಂದ ನೇರವಾಗಿ ಮನೆಗೆ. ಅಂದರೆ ಎಡ ಮನೆಯಲ್ಲಿ ಸರದ ಬದಲು ಒಂದೇ ಬಿಡಿ ಮುಚ್ಚಳ, ಬಲ ಮನೆಯಲ್ಲೂ ಅಂಥದ್ದೇ. ಬಣ್ಣವೂ ಒಂದೇ. ಎಡದಲ್ಲಿದೆ ಅನ್ನುವ ಕಾರಣಕ್ಕೆ ಅದು ಹತ್ತು. ಪಾಟಿಯ ಅಂಕಿ ಕೆಲಸ ಮಾಡುವುದು ಹೀಗೇ. ನಡುವೆ ಬಣ್ಣ ತಂದರೆ ಮಗು ಮನೆಯನ್ನು ನೋಡುವುದು ಬಿಟ್ಟು ಬಣ್ಣವನ್ನೇ ಹಿಡಿದುಕೊಳ್ಳುತ್ತದೆ.

ಬಿ.ಎಡ್. ಹುಡುಗ

ನನಗೆ ಅದು ಬಹಳ ದೊಡ್ಡ ಜಿಗಿತ ಅನ್ನಿಸುತ್ತದೆ ಗುರುಗಳೇ. ಸರ ಕೊಟ್ಟು ಬ್ಯಾಂಕಿನಲ್ಲಿ ಕೆಂಪು ಪಡೆಯುವುದು, ಬೇಕಾದಾಗ ಕೆಂಪು ಕೊಟ್ಟು ಸರ ಬಿಡಿಸಿಕೊಳ್ಳುವುದು, ಹೀಗೆ ಒಂದು ವಾರ ಆಡಿದರೆ ಕೆಂಪಿನ ಹಿಂದೆ ಸರ ಇದೆ ಅಂತ ನೆನಪಿರುತ್ತದೆ. ತಪ್ಪು ಕೆಂಪಿನದಲ್ಲ, ಸರ ನೋಡುವ ಮೊದಲೇ ಅದು ಬಂದದ್ದು.

ಕೃಷ್ಣೆಯ ದಂಡೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಸರ ಪೋಣಿಸುವುದಕ್ಕೇ ಎರಡು ದಿನ ಹಿಡಿಯಿತು. ಆ ಎರಡು ದಿನ ಹಾಳಾಗಲಿಲ್ಲ. ಒಂದು ಸರದಲ್ಲಿ ಒಂಬತ್ತೇ ಇತ್ತು. ಅದನ್ನು ಹಿಡಿದದ್ದು ಸಂತೆಯ ಹುಡುಗಿ. ಪಕ್ಕದ ಸರದ ಜೊತೆ ಉದ್ದ ಹಿಡಿದು ನೋಡಿ, "ಇದು ಮೋಸದ್ದೈತಿ" ಅಂದಳು. ಅವತ್ತಿನಿಂದ ಎಲ್ಲರೂ ಸರ ತೆಗೆದುಕೊಳ್ಳುವ ಮೊದಲು ಇನ್ನೊಂದರ ಪಕ್ಕ ಹಿಡಿದು ನೋಡುತ್ತಾರೆ.

32ರಲ್ಲಿ 14 ಕೊಡುವ ದಿನ ಒಬ್ಬ ಹುಡುಗ ಸರ ಬಿಚ್ಚಲು ಒಪ್ಪಲೇ ಇಲ್ಲ. ಕಷ್ಟಪಟ್ಟು ಪೋಣಿಸಿದ್ದು, ಯಾಕೆ ಬಿಚ್ಚಬೇಕು ಅಂತ. ಪಕ್ಕದ ಅಂಗಡಿಗೆ ಹೋಗಿ ಮುರಿಸಿಕೊಂಡು ಬಾ ಅಂದೆ. ಸರ ಕೊಟ್ಟು ಹತ್ತು ಬಿಡಿ ಎಣಿಸಿಕೊಂಡು ಬಂದ. ಇಳಕಲ್ಲಿನ ಅಣ್ಣಾ, ನಿಮ್ಮ ಮಾತು ಅಲ್ಲಿ ಕೆಲಸಕ್ಕೆ ಬಂತು.

ಒಂದು ತೊಂದರೆ ಯಾರೂ ಹೇಳಿರಲಿಲ್ಲ. ಅಂಗಡಿಯವರು ಮತ್ತು ಕೊಳ್ಳುವವರು ಎದುರು ಬದುರು ಕೂತಿದ್ದರು, ಗಲ್ಲಾ ನಡುವೆ. ಒಬ್ಬರಿಗೆ ಎಡ ಇದ್ದದ್ದು ಇನ್ನೊಬ್ಬರಿಗೆ ಬಲ. ಸರಗಳಿದ್ದಾಗ ಇದು ಕಾಣಲೇ ಇಲ್ಲ. ಎಡ ಮನೆಯಲ್ಲಿ ಒಂದೇ ಮುಚ್ಚಳ ಇಡಲು ಶುರು ಮಾಡಿದ ದಿನ ಅಂಗಡಿಯವನ ಚೀಟಿ 32, ಕೊಳ್ಳುವವಳ ಚೀಟಿ 23! ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಈಗ ಇಬ್ಬರೂ ಒಂದೇ ಕಡೆ ಕೂತು ಚೀಟಿ ಬರೆಯುತ್ತಾರೆ.

20 ಬರೆಯುವಾಗ ನಾಲ್ವರು ಬರೀ 2 ಬರೆದು ಬಿಟ್ಟರು. ಬಿಡಿ ಮನೆಯಲ್ಲಿ ಏನೂ ಇಲ್ಲ, ಬರೆಯುವುದೇನು ಅಂತ. ಆ ಚೀಟಿ ಹಿಡಿದು ಇನ್ನೊಬ್ಬರ ಅಂಗಡಿಗೆ ಕಳಿಸಿದೆ. ಅಲ್ಲಿ ಅವರಿಗೆ ಎರಡೇ ಬಿಡಿ ಸಿಕ್ಕಿತು. ಅಳುಮುಖ ಮಾಡಿಕೊಂಡು ಬಂದು ಸೊನ್ನೆ ಸೇರಿಸಿದರು.

16ರ ಪರೀಕ್ಷೆ ಮತ್ತೆ ಮಾಡಿದೆ. ಈ ಸಲ 14ರಲ್ಲಿ 9 ಮಕ್ಕಳು 1ಕ್ಕೆ ಹತ್ತು ಮುಚ್ಚಳ ತೋರಿಸಿದರು. ಇಬ್ಬರು ಮೊದಲು ಒಂದು ತೋರಿಸಿ, ಉಳಿದದ್ದನ್ನು ನೋಡಿ, ತಾವೇ ತಿದ್ದಿಕೊಂಡರು. ಮೂವರಿಗೆ ಇನ್ನೂ ಆಗಿಲ್ಲ. ಅವರಲ್ಲಿ ಒಬ್ಬ ಬಹಳ ರಜೆ ಹಾಕಿದ್ದ. ಇನ್ನಿಬ್ಬರಿಗೆ ಹತ್ತರವರೆಗಿನ ಎಣಿಕೆಯೇ ಗಟ್ಟಿಯಿಲ್ಲ ಅಂತ ಈಗ ಗೊತ್ತಾಯಿತು. ಅವರಿಗೆ ಸರ ಬೇಗ ಆಯಿತು, ಹಿಂದಕ್ಕೆ ಹೋಗಬೇಕು.

ಹಳೇ ಮಾಸ್ತರ, ವಿಜಯಪುರ

ಎದುರು ಬದುರು ಕೂರುವ ವಿಷಯ ಹೇಳಲು ನಾನು ಮರೆತಿದ್ದೆ. ಒಳ್ಳೆಯದನ್ನು ಹಿಡಿದಿರಿ. ಆ ಇಬ್ಬರಿಗೆ ಬೆಲೆ 10ರ ಒಳಗಿರುವ ಒಂದು ಅಂಗಡಿ ಬೇರೆ ಮಾಡಿ, ನಿಂಬೆಹಣ್ಣಿನದು. ಒಂದಕ್ಕೆ ಒಂದು ಮುಚ್ಚಳ. ಕೆಂಪು ಕೊಟ್ಟು ನೋಡಿದಿರಾ, ಇಲ್ಲವಾ?

ಕೃಷ್ಣೆಯ ದಂಡೆ

ಐದು ಮಕ್ಕಳಿಗೆ ಕೆಂಪು ಕೊಟ್ಟೆ, ಉಳಿದವರಿಗೆ ಇಲ್ಲ. ಇಷ್ಟು ಕಡಿಮೆ ಮಕ್ಕಳಲ್ಲಿ ಯಾವುದು ಒಳ್ಳೆಯದು ಅಂತ ಹೇಳಲಾರೆ. ಕೆಂಪು ಸಿಕ್ಕ ಒಬ್ಬಳು ಅದನ್ನು ಬಿಡಿ ಮನೆಯಲ್ಲಿಟ್ಟು "ಇಲ್ಲಿದ್ರೂ ಹತ್ತ ರೀ" ಅಂದಳು. ನೀವು ಹೇಳಿದ ಹಾಗೇ ಆಯಿತು. ಇನ್ನೊಬ್ಬ ಮಾತ್ರ ಕೆಂಪು ನೋಡಿದಾಗೆಲ್ಲ ಬ್ಯಾಂಕಿಗೆ ಹೋಗಿ ಅದರ ಸರ ಎಲ್ಲಿದೆ ಅಂತ ಕೇಳುತ್ತಾನೆ.

ಬಿ.ಎಡ್. ಹುಡುಗ

ಅವನು ನನ್ನ ಕಡೆಯವನು ಅಕ್ಕೋರೆ!

ಟಿಳಕವಾಡಿ ಅಮ್ಮ

ನಮ್ಮನೆಯಲ್ಲಿ ಈಗ ಅಜ್ಜಿಯೇ ಅಂಗಡಿಯವರು. ಅವರು ಚೌತೀಸ್ ಅನ್ನುತ್ತಾರೆ, ಇವನು ಮೂರು ಸರ ಮೊದಲು ಎಡಕ್ಕಿಟ್ಟು ಆಮೇಲೆ ನಾಲ್ಕು ಬಿಡಿ ಇಡುತ್ತಾನೆ. 29ಕ್ಕೆ ಮಾತ್ರ ಇನ್ನೂ ನಿಲ್ಲುತ್ತಾನೆ. ನಿನ್ನೆ ಮೂರು ಸರ ಇಟ್ಟು, ಒಂದನ್ನು ಬಿಚ್ಚಿ, ಒಂದು ಮುಚ್ಚಳ ತೆಗೆದು ಅಜ್ಜಿಯ ಕೈಗೆ ಕೊಟ್ಟ.

ಇಳಕಲ್ ಕಿರಾಣಿ

ಅಕ್ಕೋರೆ, ಹತ್ತು ಸರ ಕೂಡಿದರೆ ಏನು ಮಾಡುತ್ತೀರಿ?

ಕೃಷ್ಣೆಯ ದಂಡೆ

ಅಣ್ಣಾ, ಅದನ್ನು ಮಕ್ಕಳೇ ಕೇಳಿದರು. ಶುಕ್ರವಾರ ಸಂಜೆ ತರಕಾರಿ ಅಂಗಡಿಯ ಎಡ ಮನೆಯಲ್ಲಿ ಹತ್ತನೇ ಸರ ಬಿತ್ತು. "ಒಂಬತ್ತಕ್ಕಿಂತ ಜಾಸ್ತಿ ಇರಬಾರದಲ್ರಿ" ಅಂತ ಸಂತೆಯ ಹುಡುಗಿ ಅಂದಳು. ಆ ನಿಯಮ ಬಿಡಿ ಮನೆಗೆ ಅಂತ ಮಾತ್ರ ನಾನು ಹೇಳಿದ್ದೆ. ಹತ್ತೂ ಸರ ಸೇರಿಸಿ ಹಳೆಯ ಖಣದ ಅಂಚಿನಿಂದ ಕಟ್ಟಿದೆವು. ಗಲ್ಲಾದಲ್ಲಿ ಅದನ್ನು ಇಡಲು ಜಾಗ ಇರಲಿಲ್ಲ. ಸೋಮವಾರ ರಟ್ಟು ತಂದು ಎಡಕ್ಕೆ ಇನ್ನೊಂದು ಮನೆ ಅಂಟಿಸಬೇಕು.